ಪಂಚೆ ಎತ್ತಿ ಕಟ್ಟಿದ ಮೇಲೆ ಓಡಿದ ಅಜ್ಜ

"ಮಾವ, ಅಜ್ಜ ಓಡ್ತಿಲ್ಲ, ಜಾರ್ತಿದಾನೆ."

ಅಕ್ಕನ ಮಗಳು ಫೋನಿನಲ್ಲಿ ಹೇಳಿದ್ದು ಇಷ್ಟೇ. ಒಂಬತ್ತನೇ ಕ್ಲಾಸು ಮುಗಿಸಿ ರಜೆಯಲ್ಲಿದ್ದವಳು ಗೋಡೋ ಎಂಬ ಉಚಿತ ಗೇಮ್ ಎಂಜಿನ್ ಕಲಿತು ಒಂದು ಪುಟ್ಟ ಆಟ ಕಟ್ಟುತ್ತಿದ್ದಳು. ಅಡಿಕೆ ತೋಟಕ್ಕೆ ಮಂಗಗಳು ನುಗ್ಗುತ್ತವೆ, ಅಜ್ಜ ಓಡಿಹೋಗಿ ಅವನ್ನು ಅಟ್ಟಬೇಕು. ಕೋಡ್ ಬರೆಯುವುದು ಅವಳ ಪಾಲು, ಚಿತ್ರ ನನ್ನದು. ನಾನು ಕಳಿಸಿದ ಮೊದಲ ಅಜ್ಜ ನೋಡಲು ಚೆನ್ನಾಗಿಯೇ ಇದ್ದ: ತಲೆಗೆ ಕೆಂಪು ಮುಂಡಾಸು, ಬಿಳಿ ಮೀಸೆ, ಬನಿಯನ್ನು, ಪಾದದವರೆಗೆ ಇಳಿಬಿಟ್ಟ ಬಿಳಿ ಪಂಚೆ. ತಪ್ಪು ಆ ಪಂಚೆಯಲ್ಲೇ ಇತ್ತು.

ಅಜ್ಜನಿಗೆ ನಾನು ಕೊಟ್ಟಿದ್ದ ಜಾಗ ಅಡ್ಡ 16, ಉದ್ದ 16 ಪಿಕ್ಸೆಲ್. ಒಟ್ಟು 256 ಚೌಕಗಳು. ಗಣಿತದ ಚೌಕುಳಿ ಪುಸ್ತಕದ ಒಂದು ಮೂಲೆಯಲ್ಲಿ ಕೂತುಬಿಡುವಷ್ಟು ಜಾಗ. ಓಡುವುದು ಗೊತ್ತಾಗಬೇಕಾದರೆ ಕಾಲು ಎರಡಾಗಿ ಕಾಣಬೇಕು, ನಡುವೆ ಸಂದು ಕಾಣಬೇಕು. ಪಂಚೆಯೊಳಗೆ ಎರಡೂ ಕಾಲು ಸೇರಿ ಒಂದು ಬಿಳಿ ಡಬ್ಬಿಯಾಗಿತ್ತು. ಡಬ್ಬಿಯ ಕೆಳಗೆ ಎರಡು ಪಿಕ್ಸೆಲ್ಲಿನ ಪಾದ ಆಚೀಚೆ ಅಲ್ಲಾಡುತ್ತಿತ್ತು. ಅದು ಜಾರುವುದಲ್ಲದೆ ಇನ್ನೇನು?

ಇದನ್ನು ಮೊದಲೇ ಹಿಡಿಯಲು ಒಂದು ಸುಲಭದ ಪರೀಕ್ಷೆಯಿದೆ, ನಾನು ಸೋಮಾರಿತನದಿಂದ ಮಾಡಿರಲಿಲ್ಲ. ಬಣ್ಣಗಳನ್ನೆಲ್ಲ ತೆಗೆದು ಇಡೀ ಆಕೃತಿಗೆ ಕಪ್ಪು ತುಂಬಿ ನೋಡುವುದು. ನೆರಳಷ್ಟೇ ಉಳಿದಾಗಲೂ ಓಡುತ್ತಿದ್ದಾನೆಂದು ಗೊತ್ತಾದರೆ ಚಿತ್ರ ಸರಿ. ನನ್ನ ಅಜ್ಜನ ನೆರಳು ಒಲೆ ಮೇಲಿಟ್ಟ ಕುಕ್ಕರಿನಂತಿತ್ತು.

ಪರಿಹಾರ ಊರಿನಲ್ಲೇ ಇತ್ತು. ಗದ್ದೆಗಿಳಿಯುವಾಗ, ಜಗಳಕ್ಕೆ ನಿಲ್ಲುವಾಗ, ಓಡಬೇಕಾದಾಗ ನಮ್ಮ ಕಡೆಯವರು ಏನು ಮಾಡುತ್ತಾರೆ? ಪಂಚೆ ಎತ್ತಿ ಕಟ್ಟುತ್ತಾರೆ. ಅಜ್ಜನ ಪಂಚೆಯನ್ನೂ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದೆ. ಬಿಳಿ ಬಟ್ಟೆ ಎರಡೇ ಸಾಲಿಗಿಳಿಯಿತು, ಕೆಳಗೆ ಕಂದು ಬಣ್ಣದ ಬರಿಗಾಲು ನಾಲ್ಕು ಸಾಲು ಸಿಕ್ಕಿತು. ಬಿಳಿಯ ಕೆಳಗೆ ಕಂದು ಬಂದದ್ದರಿಂದ ಕಾಲು ಎಲ್ಲಿ ಶುರುವಾಗುತ್ತದೆ ಎಂಬುದೂ ತಾನಾಗಿ ಸ್ಪಷ್ಟವಾಯಿತು.

ಉಡುಪನ್ನು ಚಂದಕ್ಕಲ್ಲದೆ ಚಲನೆಗಾಗಿ ಆರಿಸುವುದು ನನ್ನ ಕಂಡುಹಿಡಿಕೆಯೇನಲ್ಲ. 1981ರ 'ಡಾಂಕಿ ಕಾಂಗ್' ಆಟಕ್ಕೆ ಶಿಗೆರು ಮಿಯಾಮೊಟೊ ಒಬ್ಬ ಬಡಗಿಯನ್ನು ಬರೆದರು. ಮುಂದೆ ಮಾರಿಯೋ ಎಂದು ಹೆಸರಾದವನು ಅವನೇ. ಅವನ ಟೋಪಿ, ಮೀಸೆ, ಮೇಲಂಗಿಗಳ ಕಾರಣವನ್ನು ಮಿಯಾಮೊಟೊ ಅವರೇ ಹಲವು ಸಲ ವಿವರಿಸಿದ್ದಾರೆ. ಅಷ್ಟು ಚಿಕ್ಕ ಜಾಗದಲ್ಲಿ ಕೂದಲು ಬರೆದು ಅದು ಹಾರುವುದನ್ನು ತೋರಿಸುವುದು ಕಷ್ಟ, ಆದ್ದರಿಂದ ಟೋಪಿ. ಮೂಗು ಎದ್ದು ಕಾಣಲಿ ಎಂದು ಕೆಳಗೆ ಮೀಸೆ. ಕೈ ಬೀಸುವುದು ಮೈಯಲ್ಲಿ ಕಳೆದುಹೋಗದಿರಲಿ ಎಂದು ತೋಳಿಗೊಂದು ಬಣ್ಣ, ಮೇಲಂಗಿಗೆ ಇನ್ನೊಂದು. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನ ಪುಟ್ಟ ಮಾರಿಯೋ ಕೂಡ 16×16 ಚೌಕದೊಳಗೇ ಇದ್ದಾನೆ. ಆ ಯಂತ್ರ ಅವನಿಗೆ ಕೊಟ್ಟದ್ದು ಮೂರೇ ಬಣ್ಣ, ಅವನು ಓಡುವುದು ಮೂರೇ ಚಿತ್ರಗಳಲ್ಲಿ. ನನ್ನ ಅಜ್ಜನ ಮುಂಡಾಸು ಮತ್ತು ಮೀಸೆಗೂ ಅದೇ ಕಾರಣ. ನಾನು ಏಳು ಬಣ್ಣ ಬಳಸಿದೆ, ಆ ಕಾಲಕ್ಕೆ ಅದು ದುಂದುಗಾರಿಕೆ.

ಇನ್ನು ಅಳತೆ. ಹದಿನಾರು ಸಾಲುಗಳಲ್ಲಿ ಮೇಲಿನದೊಂದು ಖಾಲಿ. ಅದು ಯಾಕೆಂದು ಮುಂದೆ ಹೇಳುತ್ತೇನೆ. ಮುಂಡಾಸಿಗೆ ಮೂರು, ಮುಖಕ್ಕೆ ಮೂರು, ಪಂಚೆ ಸೇರಿ ಮೈಗೆ ಐದು, ಕಾಲಿಗೆ ನಾಲ್ಕು. ಲೆಕ್ಕ ಸರಿಹೋಯಿತು. ತಲೆಯೇ ಆರು ಸಾಲಾದರೆ ದೊಡ್ಡದಾಗಲಿಲ್ಲವೇ ಎನ್ನಬಹುದು. ಆಗಲೇಬೇಕು. ಮನುಷ್ಯನ ನಿಜವಾದ ಪ್ರಮಾಣದಲ್ಲಿ ತಲೆ ಎರಡು ಸಾಲಿಗಿಳಿಯುತ್ತದೆ, ಅದರಲ್ಲಿ ಮೀಸೆಗೆ ಜಾಗ ಎಲ್ಲಿಂದ ತರುವುದು? ಮೈ ಅಗಲ ಆರು ಪಿಕ್ಸೆಲ್. ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿದ್ದ ಕೆಂಪು ಟವೆಲ್ಲಿನ ಚುಂಗು ಮೂರು ಪಿಕ್ಸೆಲ್. ಸುತ್ತ ಕಪ್ಪು ಗೆರೆ ಎಳೆಯಲಿಲ್ಲ. ಎರಡು ಪಿಕ್ಸೆಲ್ ದಪ್ಪದ ಕಾಲಿಗೆ ಎರಡೂ ಬದಿ ಗೆರೆ ಎಳೆದರೆ ಕಾಲಿನಷ್ಟೇ ಜಾಗ ಗೆರೆಗೂ ಹೋಗುತ್ತದೆ.

ಇದನ್ನೆಲ್ಲ ನಾನು ಬರೆಯುವುದು ಏಸ್‌ಪ್ರೈಟ್ ಎಂಬ ತಂತ್ರಾಂಶದಲ್ಲಿ. ಅದಕ್ಕೆ ದುಡ್ಡು ಕೊಡಬೇಕು. ಬೇಡವೆಂದರೆ ಲಿಬ್ರೆಸ್ಪ್ರೈಟ್, ಪಿಸ್ಕೆಲ್ ಪುಕ್ಕಟೆ ಸಿಗುತ್ತವೆ, ಕೆಲಸ ನಡೆಯುತ್ತದೆ. ಯಾವುದನ್ನೇ ಹಿಡಿದರೂ ತಲೆ, ಮೈ, ಟವೆಲ್ಲು, ನಮ್ಮ ಕಡೆಗಿರುವ ಕಾಲು, ಆಚೆ ಕಡೆಯ ಕಾಲು ಇವನ್ನು ಬೇರೆ ಬೇರೆ ಲೇಯರಿನಲ್ಲಿ ಇಟ್ಟುಕೊಳ್ಳಿ. ಅನಿಮೇಷನ್ ಅಂದರೆ ಮುಕ್ಕಾಲು ಪಾಲು ಬರೆದದ್ದನ್ನೇ ಒಂದು ಪಿಕ್ಸೆಲ್ ಆಚೀಚೆ ಸರಿಸುವುದು. ಎಲ್ಲವೂ ಒಂದೇ ಲೇಯರಿನಲ್ಲಿದ್ದರೆ ತಲೆ ಸರಿಸಿದಾಗಲೆಲ್ಲ ಕುತ್ತಿಗೆ ಹರಿಯುತ್ತದೆ.

ಮೊದಲು ಅಜ್ಜನನ್ನು ಸುಮ್ಮನೆ ನಿಲ್ಲಿಸೋಣ. ಆಟದವರು ಇದಕ್ಕೆ ಐಡಲ್ ಎನ್ನುತ್ತಾರೆ. ಆಡುವವನು ಯಾವ ಗುಂಡಿಯನ್ನೂ ಒತ್ತದೆ ಇರುವಾಗ ಪಾತ್ರ ಮಾಡುವ ಕೆಲಸ. ಅಜ್ಜ ಬದುಕಿದ್ದಾನೆಂದು ತೋರಿಸಲು ಉಸಿರಾಡಿಸಬೇಕು. ಇಲ್ಲೊಂದು ತೊಡಕಿದೆ. ಹದಿನಾರು ಸಾಲಿನ ಚಿತ್ರದಲ್ಲಿ ಸರಿಸಲು ಸಾಧ್ಯವಿರುವ ಅತಿ ಚಿಕ್ಕ ದೂರ ಒಂದು ಪಿಕ್ಸೆಲ್. ಐದೂಕಾಲು ಅಡಿಯ ಆಳಿಗೆ ಹೋಲಿಸಿದರೆ ಅದು ಸುಮಾರು ನಾಲ್ಕು ಇಂಚು. ಒಂದೊಂದು ಉಸಿರಿಗೂ ನಾಲ್ಕು ಇಂಚು ಏರಿ ಇಳಿಯುವ ಮನುಷ್ಯನನ್ನು ನೆನೆಸಿಕೊಳ್ಳಿ. ಹೊಸಬರ ಐಡಲ್ ನೋಡಿದರೆ ಪಾತ್ರ ಸ್ಪ್ರಿಂಗಿನ ಮೇಲೆ ನಿಂತಂತೆ ಕಾಣುವುದು ಇದಕ್ಕೇ. ಇಡೀ ಆಕೃತಿಯನ್ನು ಮೇಲೆ ಕೆಳಗೆ ಸರಿಸಿಬಿಟ್ಟಿರುತ್ತಾರೆ, ಪಾದವೂ ನೆಲ ಬಿಟ್ಟಿರುತ್ತದೆ.

ಕಾಲು ಮತ್ತು ಪಂಚೆಯನ್ನು ನಾನು ಮುಟ್ಟಲೇ ಇಲ್ಲ, ನಾಲ್ಕೂ ಫ್ರೇಮುಗಳಲ್ಲಿ ಅವು ಇದ್ದಲ್ಲೇ ಇವೆ. ಮೊದಲ ಫ್ರೇಮ್ ನೆಟ್ಟಗೆ ನಿಂತ ಅಜ್ಜ. ಎರಡನೆಯದರಲ್ಲಿ ತಲೆ ಮತ್ತು ಹೆಗಲು ಒಂದು ಪಿಕ್ಸೆಲ್ ಇಳಿದವು, ಬನಿಯನ್ನಿನ ಒಂದು ಸಾಲು ಕಡಿಮೆಯಾಯಿತು. ಆದರೆ ಟವೆಲ್ಲಿನ ಚುಂಗು ಇನ್ನೂ ಹಳೆಯ ಜಾಗದಲ್ಲೇ ಇದೆ. ಮೂರನೆಯದರಲ್ಲಿ ಚುಂಗೂ ಇಳಿಯಿತು. ನಾಲ್ಕನೆಯದರಲ್ಲಿ ತಲೆ, ಹೆಗಲು ಮೇಲೆದ್ದವು, ಚುಂಗು ಕೆಳಗೇ ಉಳಿಯಿತು. ಮತ್ತೆ ಮೊದಲನೆಯದಕ್ಕೆ ಬಂದಾಗ ಚುಂಗು ಅದರ ಜಾಗಕ್ಕೆ ಸೇರುತ್ತದೆ. ಬಟ್ಟೆ ಮೈಗಿಂತ ಒಂದು ಫ್ರೇಮ್ ತಡವಾಗಿ ಹಿಂಬಾಲಿಸುತ್ತದೆ, ಅಷ್ಟೇ. ಆ ಒಂದು ಫ್ರೇಮ್ ತಡದಿಂದಲೇ ಬಟ್ಟೆ ಬಟ್ಟೆಯಂತೆಯೂ ಮೈ ಮೈಯಂತೆಯೂ ಕಾಣತೊಡಗುತ್ತವೆ.

ಸಮಯವನ್ನು ಸಮನಾಗಿ ಹಂಚಬಾರದು. ಏಸ್‌ಪ್ರೈಟ್ ಹೊಸ ಫ್ರೇಮಿಗೆ ತಾನಾಗಿ ಕೊಡುವುದು 100 ಮಿಲಿಸೆಕೆಂಡ್. ನಾಲ್ಕಕ್ಕೂ ಅದನ್ನೇ ಬಿಟ್ಟರೆ ಅಜ್ಜ ಜ್ವರದಲ್ಲಿ ನಡುಗುತ್ತಾನೆ. ಒಂದನೆಯ ಮತ್ತು ಮೂರನೆಯ ಫ್ರೇಮಿಗೆ 500, ಎರಡು ಮತ್ತು ನಾಲ್ಕಕ್ಕೆ 125 ಕೊಟ್ಟೆ. ಉಸಿರು ಒಳಗೆ ನಿಲ್ಲುವುದು, ಹೊರಗೆ ನಿಲ್ಲುವುದು ದೀರ್ಘ, ನಡುವಿನ ಬದಲಾವಣೆ ಚುಟುಕು. ಒಟ್ಟು ಒಂದೂಕಾಲು ಸೆಕೆಂಡ್. ಅಂದರೆ ನಿಮಿಷಕ್ಕೆ 48 ಉಸಿರು. ನಿಜವಾದ ಅಜ್ಜನಿಗೆ ಹಾಗಾದರೆ ಆಸ್ಪತ್ರೆಗೆ ಕರೆದೊಯ್ಯಬೇಕು, ಪರದೆಯ ಮೇಲೆ ಅದು ನಿರಾಳವಾಗಿಯೇ ಕಾಣುತ್ತದೆ. ಕಣ್ಣು ಮಿಟುಕಿಸುವುದನ್ನು ಇದರಲ್ಲಿ ಸೇರಿಸಲಿಲ್ಲ. ಸೇರಿಸಿದರೆ ಪ್ರತಿ ಉಸಿರಿಗೂ ತಪ್ಪದೆ ಒಮ್ಮೆ ಮಿಟುಕಿಸಿ ಕಣ್ಣಿಗೆ ಧೂಳು ಬಿದ್ದವನಂತಾಗುತ್ತಾನೆ.

ಈಗ ಓಟ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ.

ಓಟ ಎಂದರೆ ಜೋರಾದ ನಡಿಗೆಯಲ್ಲ. ನಡೆಯುವಾಗ ಯಾವಾಗಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಯ ನಡುವೆ ಒಂದು ಕ್ಷಣ ಎರಡೂ ಪಾದ ಗಾಳಿಯಲ್ಲಿರುತ್ತವೆ. ಬರಿಗಣ್ಣಿಗೆ ಅದು ಸಿಗುವುದಿಲ್ಲ. ಓಡುವ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆ ಎಂಬುದನ್ನು 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ತೋರಿಸಬೇಕಾಯಿತು. ಎರಡನೆಯ ವ್ಯತ್ಯಾಸ ಇದಕ್ಕಿಂತ ಸೂಕ್ಷ್ಮ, ತಪ್ಪುವವರೂ ಹೆಚ್ಚು. ನಡೆಯುವಾಗ ಒಂದು ಕಾಲು ನೆಟ್ಟಗೆ ಊರಿ ಇನ್ನೊಂದು ಅದನ್ನು ದಾಟುವ ಹೊತ್ತಿಗೆ ಮೈ ಅತಿ ಎತ್ತರದಲ್ಲಿರುತ್ತದೆ. ಓಡುವಾಗ ಅದೇ ಹೊತ್ತಿಗೆ ಮೈ ಅತಿ ತಗ್ಗಿನಲ್ಲಿರುತ್ತದೆ, ಯಾಕೆಂದರೆ ಊರಿದ ಮೊಣಕಾಲು ಭಾರಕ್ಕೆ ಮಡಚಿ ಮುಂದಿನ ಚಿಮ್ಮುವಿಕೆಗೆ ಸಿದ್ಧವಾಗುತ್ತಿರುತ್ತದೆ. ಎತ್ತರ ಸಿಗುವುದು ಗಾಳಿಯಲ್ಲಿರುವಾಗ. ಈ ಏರಿಳಿತ ತಿರುಗುಮುರುಗಾದರೆ ಅಜ್ಜ ಎಷ್ಟೇ ವೇಗವಾಗಿ ಹೋದರೂ ಬಸ್ಸು ತಪ್ಪಿಸಿಕೊಳ್ಳಬಾರದೆಂದು ಬಿರುಸಾಗಿ ನಡೆಯುವವನಂತೆ ಕಾಣುತ್ತಾನೆ.

ಒಂದು ಹೆಜ್ಜೆಗೆ ಮೂರು ಚಿತ್ರ, ಎರಡು ಹೆಜ್ಜೆಗೆ ಆರು. ಮೊದಲನೆಯದು ಪಾದ ಮುಂದೆ ನೆಲಕ್ಕೆ ತಾಗುವುದು. ಮುಂದಿನ ಪಾದ ಮೈಯ ನಡುಗೆರೆಯಿಂದ ನಾಲ್ಕು ಪಿಕ್ಸೆಲ್ ಮುಂದಿದೆ, ಹಿಂದಿನದು ಅಷ್ಟೇ ಹಿಂದೆ, ನೆಲದಿಂದ ಎರಡು ಸಾಲು ಮೇಲೆ. ಮೈ ತನ್ನ ಸಹಜ ಎತ್ತರದಲ್ಲಿದೆ. ಎರಡನೆಯದರಲ್ಲಿ ಊರಿದ ಪಾದ ನೇರ ಮೈಯ ಕೆಳಗೆ ಬಂತು, ಸೊಂಟದಿಂದ ಮೇಲಿನದೆಲ್ಲ ಒಂದು ಪಿಕ್ಸೆಲ್ ಕುಸಿಯಿತು, ಇನ್ನೊಂದು ಕಾಲು ಮಡಚಿಕೊಂಡು ಅದನ್ನು ದಾಟುತ್ತಿದೆ. ಮೂರನೆಯದು ಹಾರುವುದು. ಮೈ ಸಹಜ ಎತ್ತರಕ್ಕಿಂತ ಒಂದು ಪಿಕ್ಸೆಲ್ ಮೇಲೇರಿತು, ಕಾಲುಗಳು ಹಿಂದೆ ಮುಂದೆ ಚಾಚಿದವು, ಯಾವ ಪಾದವೂ ಕೊನೆಯ ಸಾಲನ್ನು ಮುಟ್ಟಿಲ್ಲ. ನೆತ್ತಿಯ ಮೇಲೆ ಒಂದು ಸಾಲು ಖಾಲಿ ಬಿಟ್ಟದ್ದು ಈ ಫ್ರೇಮಿಗಾಗಿ. ಬಿಡದಿದ್ದರೆ ಮುಂಡಾಸು ಇಲ್ಲಿ ಚೌಕದಾಚೆ ಹೋಗಿ ಕತ್ತರಿಸಿಹೋಗುತ್ತಿತ್ತು. ಪಾದದ ಕೆಳಗೆ ಕಾಣುವ ಒಂದೇ ಒಂದು ಖಾಲಿ ಸಾಲು ಇದೆಯಲ್ಲ, ಓಟ ಓಟವೆನಿಸುವುದು ಅದರಿಂದ. ಅದನ್ನು ತುಂಬಿ ನೋಡಿ, ಚಿತ್ರ ತಕ್ಷಣ ನಡಿಗೆಗಿಳಿಯುತ್ತದೆ.

ಉಳಿದ ಮೂರು ಫ್ರೇಮುಗಳನ್ನು ಹೊಸದಾಗಿ ಬರೆಯಬೇಕಿಲ್ಲ. ಮೊದಲ ಮೂರನ್ನು ನಕಲು ಮಾಡಿ ಕಾಲುಗಳ ಬಣ್ಣ ಅದಲುಬದಲು ಮಾಡಿದರೆ ಸಾಕು. ನಮ್ಮ ಕಡೆಯ ಕಾಲು ತಿಳಿ ಕಂದು, ಆಚೆಯದು ಗಾಢ ಕಂದು. ಇಷ್ಟು ಚಿಕ್ಕ ಚಿತ್ರದಲ್ಲಿ ಎಡ ಬಲ ಗೊತ್ತಾಗಲು ಬೇರೆ ದಾರಿಯೇ ಇಲ್ಲ. ಎರಡಕ್ಕೂ ಒಂದೇ ಬಣ್ಣ ಕೊಟ್ಟರೆ ಆರು ಫ್ರೇಮ್ ಬರೆದರೂ ಕಣ್ಣಿಗೆ ಮೂರೇ ಕಾಣುತ್ತವೆ, ಅಜ್ಜ ಒಂದೇ ಕಾಲನ್ನು ಮತ್ತೆ ಮತ್ತೆ ಮುಂದಿಡುತ್ತ ಕುಂಟುತ್ತಾನೆ. ಕಾಲು ಬದಲಿಸುವಾಗ ಕೈಯನ್ನೂ ಬದಲಿಸಿ. ನಾನು ಮರೆತಿದ್ದೆ. ಆಗಸ್ಟ್ ಹದಿನೈದರ ಪರೇಡಿನಲ್ಲಿ ಒಂದೇ ಕಡೆಯ ಕೈ ಕಾಲು ಒಟ್ಟಿಗೆ ಬೀಸುತ್ತ ಹೋಗುವ ಒಬ್ಬ ಹುಡುಗ ಎಲ್ಲ ಶಾಲೆಯಲ್ಲೂ ಇರುತ್ತಾನಲ್ಲ, ಅಜ್ಜ ಹಾಗಾಗಿದ್ದ.

ಇನ್ನೆರಡು ಸಣ್ಣ ಕೆಲಸ. ಆರೂ ಫ್ರೇಮುಗಳಲ್ಲಿ ತಲೆ, ಎದೆಗಳನ್ನು ಒಂದು ಪಿಕ್ಸೆಲ್ ಮುಂದಕ್ಕೆ ಬಾಗಿಸಿದೆ. ಟವೆಲ್ಲಿನ ಚುಂಗನ್ನು ಹಿಂದಕ್ಕೆ ಅಡ್ಡಲಾಗಿ ಹಾರಿಸಿ, ಮೈ ಇಳಿದಾಗ ಅದು ಏರುವಂತೆ, ಮೈ ಏರಿದಾಗ ಇಳಿಯುವಂತೆ ಮಾಡಿದೆ. ಮೂರು ಪಿಕ್ಸೆಲ್ಲಿನ ಕೆಂಪು ಬಟ್ಟೆ ಮಾಡುವ ಕೆಲಸ ಕಂಡು ನನಗೇ ಸೋಜಿಗವಾಯಿತು. ವೇಗದ ಭಾವನೆ ಕಾಲಿಗಿಂತ ಹೆಚ್ಚಾಗಿ ಅದರಿಂದಲೇ ಬರುತ್ತಿದೆ.

ಇಷ್ಟಾದ ಮೇಲೆ ಎರಡನೆಯ ಸಲ ಫೋನು ಬಂತು. "ಈಗ ಓಡ್ತಾನೆ ಮಾವ. ಆದ್ರೂ ಸ್ವಲ್ಪ ಜಾರ್ತಾನೆ."

ಈ ಸಲ ತಪ್ಪು ಚಿತ್ರದ್ದಲ್ಲ, ಲೆಕ್ಕದ್ದು. ಚಿತ್ರ ಬರೆಯುವಾಗ ಅಜ್ಜ ಇದ್ದಲ್ಲೇ ಇರುತ್ತಾನೆ, ಪಾದ ಹಿಂದಕ್ಕೆ ಸರಿಯುತ್ತದೆ. ಆಟದಲ್ಲಿ ಅಜ್ಜ ಮುಂದಕ್ಕೆ ಸರಿಯುತ್ತಾನೆ. ಊರಿದ ಪಾದ ಹಿಂದೆ ಹೋಗುವ ವೇಗವೂ ಮೈ ಮುಂದೆ ಹೋಗುವ ವೇಗವೂ ಸಮವಾದರೆ ಮಾತ್ರ ಪಾದ ನೆಲದಲ್ಲಿ ಕಚ್ಚಿ ನಿಂತಂತೆ ಕಾಣುತ್ತದೆ. ನನ್ನ ಮೊದಲ ಫ್ರೇಮಿನಿಂದ ಎರಡನೆಯದಕ್ಕೆ ಪಾದ ಸರಿದದ್ದು ನಾಲ್ಕು ಪಿಕ್ಸೆಲ್. ಸೆಕೆಂಡಿಗೆ 12 ಫ್ರೇಮ್ ಓಡಿಸಿದರೆ ಪಾದದ ವೇಗ 48. ಅವಳು ಆಟದಲ್ಲಿ ಅಜ್ಜನಿಗೆ ಕೊಟ್ಟಿದ್ದ ವೇಗ ಸೆಕೆಂಡಿಗೆ 60 ಪಿಕ್ಸೆಲ್. ಉಳಿದ ಹನ್ನೆರಡೇ ಜಾರಾಟ. ಸರಿಪಡಿಸಲು ಮೂರು ದಾರಿ: ಅಜ್ಜನನ್ನು ನಿಧಾನಿಸುವುದು, ಹೆಜ್ಜೆ ಉದ್ದ ಮಾಡುವುದು, ಇಲ್ಲವೇ ಫ್ರೇಮುಗಳನ್ನು ಬೇಗ ಓಡಿಸುವುದು. ಮೊದಲನೆಯದಕ್ಕೆ ಅವಳು ಒಪ್ಪಲಿಲ್ಲ, ಮಂಗ ಸಿಗುವುದಿಲ್ಲವಂತೆ. ಎರಡನೆಯದಕ್ಕೆ ಚೌಕದಲ್ಲಿ ಜಾಗವಿಲ್ಲ. ನಾಲ್ಕು ಇಂಟು ಹದಿನೈದು ಅರವತ್ತು. ಸೆಕೆಂಡಿಗೆ 15 ಫ್ರೇಮ್ ಮಾಡಿದೆವು, ಆರು ಫ್ರೇಮಿನ ಒಂದು ಸುತ್ತು 0.4 ಸೆಕೆಂಡಿನಲ್ಲಿ ಮುಗಿಯಿತು, ಪಾದ ಊರಿತು. ಗಾಳಿಯಲ್ಲಿರುವ ಫ್ರೇಮಿಗೆ ಈ ಲೆಕ್ಕ ಬೇಡ, ಆಗ ಪಾದ ಎಲ್ಲಿದ್ದರೂ ಯಾರೂ ಕೇಳುವುದಿಲ್ಲ.

ಆರಂಭದಲ್ಲಿ ಅಜ್ಜ ನಿಧಾನವಾಗಿ ಹೊರಟು ವೇಗ ಹಿಡಿಯುವುದಾದರೆ ಫ್ರೇಮಿನ ವೇಗವನ್ನೂ ಅದರ ಜೊತೆಗೇ ಏರಿಸಬೇಕು. 1985ರ ಮಾರಿಯೋ ಕೂಡ ಹಾಗೆಯೇ ಮಾಡುತ್ತಾನೆ, ವೇಗ ಹೆಚ್ಚಿದಂತೆ ಅದೇ ಮೂರು ಚಿತ್ರಗಳು ಬೇಗ ಬೇಗ ತಿರುಗುತ್ತವೆ.

ಇನ್ನು ಇವನ್ನೆಲ್ಲ ಒಂದೇ ಹಾಳೆಗೆ ತರಬೇಕು. ಸ್ಪ್ರೈಟ್ ಶೀಟ್ ಅಂದರೆ ಅದೇ, ಎಲ್ಲ ಫ್ರೇಮುಗಳನ್ನು ಸಮ ಚೌಕಗಳಲ್ಲಿ ಜೋಡಿಸಿದ ಒಂದು ಪಿಎನ್‌ಜಿ ಚಿತ್ರ. ಎಂಜಿನ್ನು ಅದನ್ನು ಸಿನಿಮಾ ರೀಲಿನಂತೆ ಚೌಕ ಚೌಕವಾಗಿ ಕತ್ತರಿಸಿ ತೋರಿಸುತ್ತದೆ. ನನ್ನ ಹಾಳೆಯಲ್ಲಿ ಮೇಲಿನ ಸಾಲು ಐಡಲ್, ಕೆಳಗಿನದು ಓಟ, ಸಾಲಿಗೆ ಆರು ಚೌಕ. ಅಗಲ 96, ಎತ್ತರ 32. ಐಡಲ್‌ಗೆ ನಾಲ್ಕೇ ಫ್ರೇಮ್ ಇರುವುದರಿಂದ ಅದರ ನಂತರ ಎರಡು ಖಾಲಿ ಫ್ರೇಮ್ ಸೇರಿಸಿದೆ, ಇಲ್ಲದಿದ್ದರೆ ಓಟದ ಮೊದಲೆರಡು ಚಿತ್ರ ಮೇಲಿನ ಸಾಲಿಗೆ ಹತ್ತಿ ಕೂರುತ್ತವೆ. ಏಸ್‌ಪ್ರೈಟಿನ `Export Sprite Sheet` ಕಿಟಕಿಯಲ್ಲಿ `By Rows` ಆರಿಸಿ ಆರು ಕಾಲಮ್ ಕೊಡಬೇಕು. ಅಲ್ಲೇ ಖಾಲಿ ಫ್ರೇಮು ಬಿಡುವುದು, ಒಂದೇ ರೀತಿಯ ಫ್ರೇಮುಗಳನ್ನು ಸೇರಿಸುವುದು, ಅಂಚು ಕತ್ತರಿಸುವುದು ಎಂಬ ಉಪಾಯದ ಆಯ್ಕೆಗಳಿವೆ. `Ignore Empty`, `Merge Duplicates`, `Trim Cels` ಎಂದು ಹೆಸರು. ಜಾಗ ಉಳಿಸಲು ಮಾಡಿಟ್ಟ ಈ ಮೂರನ್ನೂ ನಮ್ಮಂಥ ಸರಳ ಹಾಳೆಗೆ ಮುಟ್ಟಬೇಡಿ. ಅಂಚು ಕತ್ತರಿಸಿದ ಹಾಳೆಯಲ್ಲಿ ಹಾರುವ ಫ್ರೇಮಿನ ಕೆಳಗಿದ್ದ ಖಾಲಿ ಸಾಲೇ ಮಾಯವಾಗಿ ಅಜ್ಜನ ಪಾದ ಮತ್ತೆ ನೆಲಕ್ಕಂಟುತ್ತದೆ.

ಗೋಡೋದಲ್ಲಿ `AnimatedSprite2D`ಗೆ ಈ ಹಾಳೆ ಕೊಟ್ಟು, ಅಡ್ಡ 6, ಉದ್ದ 2 ಎಂದು ಹೇಳಿ, ಮೇಲಿನ ನಾಲ್ಕು ಚೌಕಗಳಿಗೆ `idle`, ಕೆಳಗಿನ ಆರಕ್ಕೆ `run` ಎಂದು ಹೆಸರಿಟ್ಟರಾಯಿತು. ಆದರೆ ನೆನಪಿರಲಿ, ಪಿಎನ್‌ಜಿ ಬರೀ ಚಿತ್ರ, ಅದರೊಳಗೆ ಸಮಯ ಇರುವುದಿಲ್ಲ. ನಾನು 500, 125 ಎಂದು ಲೆಕ್ಕ ಹಾಕಿ ಇಟ್ಟದ್ದು ಅಲ್ಲಿಗೆ ತಲುಪಲೇ ಇಲ್ಲ, ಅಜ್ಜನಿಗೆ ಮತ್ತೆ ಜ್ವರ ಬಂದಿತ್ತು. `idle` ವೇಗವನ್ನು ಸೆಕೆಂಡಿಗೆ 8 ಫ್ರೇಮ್ ಮಾಡಿ, ಒಂದೊಂದು ಫ್ರೇಮಿನ ಅವಧಿಗೆ ಕ್ರಮವಾಗಿ 4, 1, 4, 1 ಕೊಟ್ಟಾಗ ಹಳೆಯ ಲೆಕ್ಕ ಮರಳಿತು.

ಮೂರನೆಯ ಫೋನು ಚಿತ್ರ ಮಬ್ಬಾಗಿದೆ ಎಂದು. ಎಂಜಿನ್ನುಗಳು ದೊಡ್ಡದು ಮಾಡುವಾಗ ಪಕ್ಕದ ಬಣ್ಣಗಳನ್ನು ಬೆರೆಸಿ ನಯ ಮಾಡುತ್ತವೆ, ಫೋಟೋಗೆ ಅದು ಒಳ್ಳೆಯದು, 16 ಪಿಕ್ಸೆಲ್ಲಿನ ಅಜ್ಜನಿಗೆ ಅಲ್ಲ. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ `Default Texture Filter` ಎಂಬುದನ್ನು `Nearest` ಮಾಡಿದರೆ ಅಂಚು ಚೂಪಾಗುತ್ತದೆ. ದೊಡ್ಡದು ಮಾಡುವುದೂ ಪೂರ್ಣ ಸಂಖ್ಯೆಯಲ್ಲೇ ಆಗಬೇಕು. ಅವಳ ಆಟದ ಪರದೆ 320×180. ಆರು ಪಟ್ಟು ಮಾಡಿದರೆ ಸರಿಯಾಗಿ 1920×1080. ಐದೂವರೆ ಪಟ್ಟು ಮಾಡಿದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣಕಲು.

ಕೊನೆಯ ಕಾಟ ತಿರುಗುವುದರಲ್ಲಿತ್ತು. ಎಡಕ್ಕೆ ಓಡುವ ಅಜ್ಜನನ್ನು ಬೇರೆ ಬರೆಯುವುದಿಲ್ಲ, ಬಲಕ್ಕೆ ಓಡುವವನನ್ನೇ ಕನ್ನಡಿಯಂತೆ ತಿರುಗಿಸುತ್ತೇವೆ. ಟವೆಲ್ಲು ಎಡ ಹೆಗಲಿಂದ ಬಲ ಹೆಗಲಿಗೆ ಹೋಗುತ್ತದೆ, ಹೋಗಲಿ. ಆದರೆ ತಿರುಗಿದಾಗಲೆಲ್ಲ ಅಜ್ಜ ಎರಡು ಪಿಕ್ಸೆಲ್ ಪಕ್ಕಕ್ಕೆ ಹಾರುತ್ತಿದ್ದ. ಮೈಯನ್ನು ನಾನು ಎಡದಿಂದ ಐದನೆಯ ಕಾಲಮ್ಮಿನಿಂದ ಹತ್ತನೆಯದರವರೆಗೆ ಬರೆದಿದ್ದೆ. ಹದಿನಾರರ ನಡು ಇರುವುದು ಎಂಟು ಮತ್ತು ಒಂಬತ್ತರ ನಡುವೆ. ಎಲ್ಲ ಫ್ರೇಮುಗಳನ್ನು ಒಂದು ಪಿಕ್ಸೆಲ್ ಬಲಕ್ಕೆ ಸರಿಸಿ ಆರರಿಂದ ಹನ್ನೊಂದಕ್ಕೆ ತಂದ ಮೇಲೆ ನಿಂತಲ್ಲೇ ತಿರುಗಿದ. ಇದರ ಜೊತೆಗೆ ಅವಳ ಕೋಡಿನಲ್ಲೂ ಒಂದು ತಪ್ಪಿತ್ತು. ಎಡಕ್ಕೆ ಓಡಿ ನಿಂತ ಅಜ್ಜ ತಕ್ಷಣ ಬಲಕ್ಕೆ ಮುಖ ಮಾಡುತ್ತಿದ್ದ, ಯಾಕೆಂದರೆ ನಿಂತಾಗ ವೇಗ ಸೊನ್ನೆ, ಸೊನ್ನೆ ಎಂದರೆ ಎಡಕ್ಕಲ್ಲ ಎಂದು ಕೋಡು ತೀರ್ಮಾನಿಸುತ್ತಿತ್ತು. ದಿಕ್ಕು ನೋಡುವ ಸಾಲನ್ನು ಓಡುವಾಗ ಮಾತ್ರ ನಡೆಯುವ ಭಾಗಕ್ಕೆ ತಂದಳು. ಸರಿಯಾದ ಮೇಲೆ ಅದು ಹೀಗಿದೆ:

```
var s = $AnimatedSprite2D
var v = abs(velocity.x)
if v > 5.0:
    s.flip_h = velocity.x < 0
    s.speed_scale = v / 60.0
    s.play("run")
else:
    s.speed_scale = 1.0
    s.play("idle")
```

ಸೊನ್ನೆಯ ಬದಲು 5 ಎಂದಿರುವುದನ್ನು ಗಮನಿಸಿ. ನಿಲ್ಲುವ ಮುನ್ನ ವೇಗ ಸೊನ್ನೆಯ ಹತ್ತಿರ ತಡಕಾಡುತ್ತದೆ, ಆಗ ಓಟಕ್ಕೂ ಐಡಲ್‌ಗೂ ನಡುವೆ ಚಿತ್ರ ಮಿಣಮಿಣ ಮಿನುಗುತ್ತದೆ. `speed_scale` ಅನ್ನು ಮತ್ತೆ 1.0ಕ್ಕೆ ತರುವ ಸಾಲನ್ನು ಬಿಟ್ಟರೆ ನಿಧಾನವಾಗಿ ನಿಂತ ಅಜ್ಜನ ಉಸಿರೂ ಅದೇ ನಿಧಾನಕ್ಕಿಳಿದು, ಕೆಲವೊಮ್ಮೆ ನಿಂತೇಹೋದಂತೆ ಕಾಣುತ್ತದೆ.

ಅಂಗೈ ಅಗಲದ ಫೋನಿನಲ್ಲಿ ಕೋಣೆಯ ಆಚೆ ತುದಿಯಿಂದ ನೋಡಿದೆ. ಮೀಸೆ ಕಾಣಲಿಲ್ಲ, ಬನಿಯನ್ನು ಕಾಣಲಿಲ್ಲ. ಪಂಚೆ ಎತ್ತಿ ಕಟ್ಟಿದ ಒಬ್ಬ ಮನುಷ್ಯ ಯಾರನ್ನೋ ಅಟ್ಟಿಕೊಂಡು ಓಡುವುದು ಕಂಡಿತು. ಮಂಗ ಇನ್ನೂ ಬರೆದಾಗಿಲ್ಲ. ಅದಕ್ಕೆ ನಾಲ್ಕು ಕಾಲು, ಮೇಲೊಂದು ಬಾಲ, ಜಾಗ ಮಾತ್ರ ಅದೇ ಹದಿನಾರು.